ಆವಕದ ಉದ್ದನೆಯ ಪಟ್ಟಿಯನ್ನು ಒಂದು ಸ್ಲೈಡಿಗೆ ಇಳಿಸುವುದು

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ವ್ಯವಹಾರ ಮಾಡುವ ಸಹಕಾರಿ ಸಂಘಗಳ ವಾರ್ಷಿಕ ಸಭೆಯಲ್ಲಿ ಇತ್ತೀಚೆಗೆ ಪ್ರೊಜೆಕ್ಟರ್ ಬಂದಿದೆ. ಅದರ ಜೊತೆಗೆ ಒಂದು ಸ್ಲೈಡ್ ಕೂಡ ಬಂದಿದೆ. ಎಡಗಡೆ ಚಾಲಿ, ರಾಶಿ, ಬೆಟ್ಟೆ ಎಂದು ಅಡಿಕೆಯ ಬಗೆಗಳು. ಮೇಲ್ಗಡೆ ಹೋದ ವರ್ಷ, ಈ ವರ್ಷ. ನಡುವೆ ಇರುವೆ ಸಾಲಿನಂತೆ ಅಂಕಿಗಳು. ವರದಿ ಓದುವವರು "ಇದೆಲ್ಲ ನಿಮ್ಮ ಕೈಯಲ್ಲಿರೋ ಪುಸ್ತಕದಲ್ಲೇ ಇದೆ" ಎಂದು ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಹಾಗಾದರೆ ಅದನ್ನು ಪರದೆ ಮೇಲೆ ಹಾಕಿದ್ದು ಯಾಕೆ?

ಅಂಥದೊಂದು ಪಟ್ಟಿಯನ್ನು ಹಿಡಿದು, ಅದನ್ನು ನಾಲ್ಕು ಸಾಲು, ನಾಲ್ಕು ಕಾಲಂಗೆ ಇಳಿಸಿ, ಅದರಲ್ಲೂ ಒಂದು ಸಾಲನ್ನು ಮಾತ್ರ ಎದ್ದು ಕಾಣುವಂತೆ ಮಾಡುವ ಕೆಲಸವನ್ನು ಇಲ್ಲಿ ಮೊದಲಿಂದ ಕೊನೆವರೆಗೆ ಮಾಡೋಣ. ಇಲ್ಲಿರುವ ಅಂಕಿಗಳು ಯಾವ ಸಂಘದವೂ ಅಲ್ಲ. ಲೆಕ್ಕ ತಿಳಿಯಲಿ ಎಂದು ನಾನೇ ಹಾಕಿಕೊಂಡವು. ದರವನ್ನೂ ಮಾರುಕಟ್ಟೆಯ ದರ ಎಂದು ತಿಳಿಯಬೇಡಿ.

ನಮ್ಮ ಪಟ್ಟಿಯಲ್ಲಿ ಎಂಟು ಸಾಲುಗಳಿವೆ. ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ, ಮತ್ತೆ ಕಾಳುಮೆಣಸು. ಪ್ರತಿ ವರ್ಷಕ್ಕೆ ಆರು ಕಾಲಂ: ಆವಕ, ಒಟ್ಟು ಆವಕದಲ್ಲಿ ಪಾಲು, ಕನಿಷ್ಠ ದರ, ಗರಿಷ್ಠ ದರ, ಸರಾಸರಿ ದರ, ವಹಿವಾಟು. ಎರಡು ವರ್ಷಕ್ಕೆ ಹನ್ನೆರಡು. ಎಂಟು ಹನ್ನೆರಡಲೆ 96 ಮನೆ. ಕೆಳಗೆ ಒಟ್ಟು ಬೇರೆ.

ಮೊದಲು ತಲೆಬರಹ ಬರೆಯಿರಿ

ಹೆಚ್ಚಿನವರು ಮೊದಲು ಪಟ್ಟಿಯನ್ನು ಸ್ಲೈಡಿಗೆ ಅಂಟಿಸಿ, ಆಮೇಲೆ ಯಾವುದನ್ನು ತೆಗೆಯಲಿ ಎಂದು ನೋಡುತ್ತಾರೆ. ಹಾಗೆ ಕೂತರೆ ಯಾವುದನ್ನೂ ತೆಗೆಯಲು ಮನಸ್ಸು ಬರುವುದಿಲ್ಲ. ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಬಿಡಿ. ಖಾಲಿ ಸ್ಲೈಡ್ ತೆರೆದು ತಲೆಬರಹದ ಜಾಗದಲ್ಲಿ ಒಂದು ಪೂರ್ತಿ ವಾಕ್ಯ ಬರೆಯಿರಿ. "ಬಗೆವಾರು ಆವಕ ಮತ್ತು ವಹಿವಾಟು ವಿವರ" ಎನ್ನುವುದು ವಾಕ್ಯವಲ್ಲ, ಫೈಲಿನ ಹೆಸರು. ಸಭೆಯಿಂದ ಎದ್ದು ಹೋಗುವ ಸದಸ್ಯ ಮನೆಯಲ್ಲಿ ಏನು ಹೇಳಬೇಕೋ ಅದು ವಾಕ್ಯ.

ಅದು ಸಿಗಬೇಕಾದರೆ ಒಟ್ಟು ಸಾಲಿನಿಂದ ಶುರು ಮಾಡಿ. ಕಾಳುಮೆಣಸನ್ನು ಸದ್ಯ ಬದಿಗಿಡಿ, ಕಾರಣ ಆಮೇಲೆ ಹೇಳುತ್ತೇನೆ. ನಮ್ಮ ಪಟ್ಟಿಯಲ್ಲಿ ಅಡಿಕೆಯ ಆವಕ 8,000 ಕ್ವಿಂಟಲ್‌ನಿಂದ 7,300ಕ್ಕೆ ಇಳಿದಿದೆ. ವಹಿವಾಟು ಮಾತ್ರ 28.70 ಕೋಟಿಯಿಂದ 29.07 ಕೋಟಿಗೆ ಹೋಗಿದೆ. ಮಾಲು ಕಡಿಮೆ, ದುಡ್ಡು ಕಡಿಮೆಯಾಗಿಲ್ಲ. ಸಭೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆ ಇದೇ: ಅದು ಹೇಗೆ?

ಉತ್ತರ ಹುಡುಕಲು ಪ್ರತಿ ಸಾಲಿನಲ್ಲಿ ವಹಿವಾಟು ಎಷ್ಟು ಬದಲಾಯಿತು ಎಂದು ಕಳೆಯಿರಿ. ಚಾಲಿ 13.60 ಕೋಟಿಯಿಂದ 14.76 ಕೋಟಿ, ಅಂದರೆ 116 ಲಕ್ಷ ಜಾಸ್ತಿ. ರಾಶಿ 11.50ರಿಂದ 10.81 ಕೋಟಿ, 69 ಲಕ್ಷ ಕಡಿಮೆ. ಉಳಿದ ಐದು ಬಗೆ ಸೇರಿ 3.60ರಿಂದ 3.50 ಕೋಟಿ, 10 ಲಕ್ಷ ಕಡಿಮೆ. ಏರಿದ್ದು ಚಾಲಿ ಒಂದೇ.

ಚಾಲಿ ಏರಿದ್ದು ದರದಿಂದಲೋ, ಮಾಲು ಜಾಸ್ತಿ ಬಂದಿದ್ದರಿಂದಲೋ? ಇದನ್ನು ಊಹಿಸಿ ಬರೆಯಬಾರದು, ಲೆಕ್ಕ ಹಾಕಿ ನೋಡಬೇಕು. ಚಾಲಿಯ ಆವಕ 4,000 ಕ್ವಿಂಟಲ್‌ನಿಂದ 3,600ಕ್ಕೆ ಇಳಿದಿದೆ. ದರ 34,000 ರೂಪಾಯಿಯಿಂದ 41,000ಕ್ಕೆ ಏರಿದೆ. ದರ ಹಳೆಯದೇ ಇದ್ದಿದ್ದರೆ ಕಡಿಮೆ ಬಂದ 400 ಕ್ವಿಂಟಲ್‌ಗೆ 1.36 ಕೋಟಿ ಖೋತಾ ಆಗುತ್ತಿತ್ತು. ಬಂದ 3,600 ಕ್ವಿಂಟಲ್‌ಗೆ ತಲಾ 7,000 ಜಾಸ್ತಿ ಸಿಕ್ಕಿದ್ದರಿಂದ 2.52 ಕೋಟಿ ಸೇರಿದೆ. ಎರಡನ್ನೂ ಕೂಡಿಸಿ ಕಳೆದರೆ 1.16 ಕೋಟಿ. ಮೇಲಿನ 116 ಲಕ್ಷಕ್ಕೆ ತಾಳೆಯಾಯಿತು. ಈಗ ಧೈರ್ಯವಾಗಿ ಬರೆಯಬಹುದು:

"ಮಾಲು 700 ಕ್ವಿಂಟಲ್ ಕಡಿಮೆ ಬಂದರೂ ವಹಿವಾಟು ಇಳಿಯಲಿಲ್ಲ, ಚಾಲಿ ದರ ಕೈಹಿಡಿಯಿತು"

"ವಹಿವಾಟು ಏರಿತು" ಎಂದು ಬರೆದಿಲ್ಲ, ಗಮನಿಸಿ. 28.70 ಕೋಟಿ ಮೇಲೆ 37 ಲಕ್ಷ ಅಂದರೆ ನೂರಕ್ಕೆ 1.3. ಅದನ್ನು ಏರಿಕೆ ಎಂದು ಸಾರಿದರೆ ಲೆಕ್ಕ ಬಲ್ಲವರು ನಗುತ್ತಾರೆ. ಇಳಿಯಲಿಲ್ಲ ಎನ್ನುವುದು ನಿಜವೂ ಹೌದು, ಈ ವರ್ಷದ ಮಟ್ಟಿಗೆ ಸಮಾಧಾನದ ಮಾತೂ ಹೌದು.

ಕಾಲಂ ಆರಿಸುವುದು

ತಲೆಬರಹದಲ್ಲಿ ಮೂರು ಸಂಗತಿಗಳಿವೆ. ಮಾಲು ಕಡಿಮೆಯಾಗಿದ್ದು, ದರ ಏರಿದ್ದು, ವಹಿವಾಟು ಉಳಿದುಕೊಂಡಿದ್ದು. ಹನ್ನೆರಡು ಕಾಲಂಗಳಲ್ಲಿ ಈ ಮೂರಕ್ಕೆ ಸಾಕ್ಷಿ ಹೇಳುವವು ಇರಲಿ, ಉಳಿದವು ಹೋಗಲಿ.

ಪಾಲು ಬೇಡ. ಕನಿಷ್ಠ, ಗರಿಷ್ಠ ದರ ಬೇಡ. ಆವಕದ ಎರಡು ವರ್ಷದ ಅಂಕಿ ಬೇಕಿಲ್ಲ, ವ್ಯತ್ಯಾಸ ಒಂದೇ ಸಾಕು. ವಹಿವಾಟಿಗೂ ಅಷ್ಟೇ. ಆದರೆ ದರದಲ್ಲಿ ಎರಡೂ ವರ್ಷದ ಅಂಕಿ ಇಡಿ. ಇದು ನನ್ನ ಅಭಿಪ್ರಾಯ. ಕ್ವಿಂಟಲ್‌ಗೆ ಏನು ಬಿತ್ತು ಎನ್ನುವುದು ಬೆಳೆಗಾರರ ಬಾಯಲ್ಲೇ ಇರುತ್ತದೆ. "+7,000" ಎಂದರೆ ಅವರು ಮನಸ್ಸಿನಲ್ಲಿ ಹಳೇ ದರ ಹುಡುಕಲು ಹೋಗುತ್ತಾರೆ. "34,000, 41,000" ಎಂದರೆ ಅಲ್ಲೇ ಹಿಡಿಯುತ್ತಾರೆ.

ಮ್ಯಾನೇಜರ್ ಹೇಳುವ ಮಾತು ಒಂದಿದೆ: "ಎಲ್ಲಾ ಇರ್ಲಿ ಮಾರಾಯ್ರೇ, ಯಾರಾದ್ರೂ ಕೇಳಿದ್ರೆ?" ಅವರ ಹೆದರಿಕೆ ಸುಳ್ಳಲ್ಲ. ಕೇಳುತ್ತಾರೆ. ಅದಕ್ಕೆ ಪೂರ್ತಿ ಪಟ್ಟಿಯನ್ನು ಕೊನೆಯ ಸ್ಲೈಡಿಗೆ ಹಾಕಿ, ಎಡಗಡೆಯ ಚಿಕ್ಕ ಸ್ಲೈಡಿನ ಮೇಲೆ ಬಲ ಕ್ಲಿಕ್ ಮಾಡಿ Hide Slide ಒತ್ತಿ. ತೋರಿಸುತ್ತಾ ಹೋಗುವಾಗ ಅದು ಬರುವುದಿಲ್ಲ. ಯಾರಾದರೂ ಕೇಳಿದರೆ ಆ ಸ್ಲೈಡಿನ ಸಂಖ್ಯೆ ಟೈಪ್ ಮಾಡಿ Enter ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಸಾಲು ಮಡಚುವುದು: ತಪ್ಪು ಆಗುವುದು ಇಲ್ಲೇ

ಎಂಟು ಸಾಲಲ್ಲಿ ಚಾಲಿ, ರಾಶಿ ಎರಡನ್ನು ಹಾಗೇ ಇಡುತ್ತೇವೆ. ವಹಿವಾಟಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಅವೇ. ಬೆಟ್ಟೆಯಿಂದ ಕೋಕದವರೆಗಿನ ಐದನ್ನು "ಇತರೆ 5 ಬಗೆ" ಎಂದು ಒಂದು ಸಾಲು ಮಾಡುತ್ತೇವೆ. ಕೈಬಿಡಬಾರದು, ಮಡಚಬೇಕು. ಕೈಬಿಟ್ಟರೆ ಒಟ್ಟು ಕೂಡುವುದಿಲ್ಲ. ಮುಂದಿನ ಸಾಲಲ್ಲಿ ಕೂತ ನಿವೃತ್ತ ಮೇಷ್ಟ್ರು ಮೊದಲು ಮಾಡುವ ಕೆಲಸವೇ ಕೂಡಿಸಿ ನೋಡುವುದು.

ಆವಕ, ವಹಿವಾಟನ್ನು ಸುಮ್ನೆ ಕೂಡಿಸಿದರಾಯಿತು. ದರವನ್ನು ಹಾಗೆ ಮಾಡುವಂತಿಲ್ಲ. ಐದು ಬಗೆಯ ಸರಾಸರಿ ದರಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ ಸಿಗುವುದು ತಪ್ಪು ದರ. ಹತ್ತು ಕ್ವಿಂಟಲ್ ಬಂದ ಬಗೆಗೂ ಐನೂರು ಕ್ವಿಂಟಲ್ ಬಂದ ಬಗೆಗೂ ಅಲ್ಲಿ ಒಂದೇ ತೂಕ. ತಿಂಗಳವಾರು ದರದಿಂದ ವರ್ಷದ ದರ ತೆಗೆಯುವಾಗಲೂ ಇದೇ ತಪ್ಪು ನಡೆಯುತ್ತದೆ. ಒಂದು ತಿಂಗಳು 36,000 ದರದಲ್ಲಿ 100 ಕ್ವಿಂಟಲ್ ಹೋಯಿತು, ಇನ್ನೊಂದು ತಿಂಗಳು 42,000 ದರದಲ್ಲಿ 900 ಕ್ವಿಂಟಲ್ ಹೋಯಿತು ಎಂದುಕೊಳ್ಳಿ. ಸುಮ್ನೆ ಸರಾಸರಿ ತೆಗೆದರೆ 39,000. ಆದರೆ ಬೆಳೆಗಾರರಿಗೆ ನಿಜವಾಗಿ ಸಿಕ್ಕ ಒಟ್ಟು ಹಣವನ್ನು 1,000 ಕ್ವಿಂಟಲ್‌ನಿಂದ ಭಾಗಿಸಿದರೆ 41,400. 2,400 ರೂಪಾಯಿ ವ್ಯತ್ಯಾಸ!

ಎಕ್ಸೆಲ್‌ನಲ್ಲಿ B ಕಾಲಂ ಆವಕ, C ಕಾಲಂ ದರ ಇದ್ದರೆ ಹೀಗೆ ಹಾಕಿ:

```
=SUMPRODUCT(B2:B13,C2:C13)/SUM(B2:B13)
```

AVERAGE ಬಳಸಿದ ಹಾಳೆ ಸಿಕ್ಕಿದರೆ ಅನುಮಾನಪಡಿ. ಪತ್ತೆ ಹಚ್ಚುವುದು ಸುಲಭ: ದರವನ್ನು ಆವಕದಿಂದ ಗುಣಿಸಿ. ವಹಿವಾಟಿಗೆ ಸರಿಹೊಂದದಿದ್ದರೆ ದರ ತಪ್ಪು. ನಮ್ಮ ಇತರೆ ಸಾಲಿನಲ್ಲಿ 3.60 ಕೋಟಿಯನ್ನು 1,500 ಕ್ವಿಂಟಲ್‌ನಿಂದ ಭಾಗಿಸಿದರೆ 24,000. ಈ ವರ್ಷ 3.50 ಕೋಟಿ, 1,400 ಕ್ವಿಂಟಲ್, 25,000. ಸರಿ ಇದೆ.

ಆದರೆ ಈ ಇತರೆ ದರದ ಬಗ್ಗೆ ಜಾಸ್ತಿ ಮಾತಾಡಬೇಡಿ. ಅಗ್ಗದ ಕೋಕ ಈ ವರ್ಷ ಕಡಿಮೆ ಬಂದು, ಬೆಟ್ಟೆ ಅಷ್ಟೇ ಬಂದಿದ್ದರೆ, ಯಾವ ಬಗೆಯ ದರವೂ ಏರದೆ ಇತರೆ ದರ ಮಾತ್ರ ಏರಿದಂತೆ ಕಾಣುತ್ತದೆ. ಒಟ್ಟು ಸಾಲಿಗೂ ಇದೇ ಕಾಟ. ಒಟ್ಟು ವಹಿವಾಟನ್ನು ಒಟ್ಟು ಆವಕದಿಂದ ಭಾಗಿಸಿದರೆ ಹೋದ ವರ್ಷ 35,875, ಈ ವರ್ಷ ಸುಮಾರು 39,822 ಬರುತ್ತದೆ. ಆ ದರದಲ್ಲಿ ಅಡಿಕೆ ಮಾರಿದ ಮನುಷ್ಯ ಒಬ್ಬನೂ ಇಲ್ಲ. ರಾಶಿ ಮಾಡಿದವರು "ನನಗೆ ಸಾವಿರವೇ ಏರಿದ್ದು, ನಾಲ್ಕು ಸಾವಿರ ಎಲ್ಲಿ?" ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಒಟ್ಟು ಸಾಲಿನಲ್ಲಿ ದರದ ಮನೆ ಖಾಲಿ ಬಿಡಿ.

ಇನ್ನು ಕಾಳುಮೆಣಸು. ಅದು ಅಡಿಕೆಯಲ್ಲ. ಇತರೆಯಲ್ಲಿ ಸೇರಿಸಿದರೆ ಆ ಸಾಲಿನ ದರಕ್ಕೆ ಅರ್ಥವೇ ಇರುವುದಿಲ್ಲ. ಹೊರಗಿಡಿ, ಆದರೆ ಹೊರಗಿಟ್ಟಿದ್ದೇವೆ ಎಂದು ಸ್ಲೈಡಿನ ಕೆಳಗೆ ಬರೆಯಿರಿ. ಯಾಕೆಂದರೆ ವರದಿ ಪುಸ್ತಕದ ಕಟ್ಟಕಡೆಯ ಮೊತ್ತದಲ್ಲಿ ಕಾಳುಮೆಣಸು ಇದೆ, ಪರದೆಯ ಮೊತ್ತದಲ್ಲಿ ಇಲ್ಲ. ಒಂದೇ ಸಭೆಯಲ್ಲಿ ಎರಡು ಒಟ್ಟು ಕಂಡರೆ ಸದಸ್ಯರಿಗೆ ಮೊದಲು ಬರುವ ಯೋಚನೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸಾಲಿನ ಹೆಸರೂ ಬರೀ "ಒಟ್ಟು" ಆಗದೆ "ಅಡಿಕೆ ಒಟ್ಟು" ಆಗಲಿ.

ಅಂಕಿ ಕತ್ತರಿಸುವಾಗ

ಕೋಟಿ, ಲಕ್ಷ, ರೂಪಾಯಿ ಮೂರನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಒಂದು ಕಾಲಂಗೆ ಒಂದೇ ಅಳತೆ. ಅದು ತಲೆಸಾಲಿನಲ್ಲಿ ಒಮ್ಮೆ ಬಂದರೆ ಸಾಕು, ಪ್ರತಿ ಮನೆಯಲ್ಲೂ ರೂಪಾಯಿ ಗುರುತು ಬೇಡ.

ಪೂರ್ಣ ಕೋಟಿಗೆ ಕತ್ತರಿಸುವ ಆಸೆಯಾಗುತ್ತದೆ. ನಮ್ಮ ಪಟ್ಟಿಯಲ್ಲೇ ಮಾಡಿ ನೋಡಿ. ಈ ವರ್ಷದ 14.76 ಹೋಗಿ 15, 10.81 ಹೋಗಿ 11, 3.50 ಹೋಗಿ 4. ಕೂಡಿದರೆ 30. ಆದರೆ ನಿಜವಾದ ಒಟ್ಟು 29.07, ಕತ್ತರಿಸಿದರೆ 29. ಒಂದು ಕೋಟಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಆದರೆ ಸಭೆಯಲ್ಲಿ ಅದನ್ನು ವಿವರಿಸುತ್ತಾ ನಿಂತರೆ ಊಟದ ಹೊತ್ತು ಮೀರುತ್ತದೆ. ಬದಲಾವಣೆಯನ್ನು ಲಕ್ಷದಲ್ಲಿ ಹಾಕಿದರೆ ದಶಾಂಶವೂ ಇಲ್ಲ, ಮೊತ್ತವೂ ಕೂಡುತ್ತದೆ: 116, ಕಳೆ 69, ಕಳೆ 10, ಉಳಿದಿದ್ದು 37.

ಇಷ್ಟಾದ ಮೇಲೆ ಉಳಿಯುವ ಪಟ್ಟಿ ಇದು:

| | ಆವಕದ ಬದಲಾವಣೆ, ಕ್ವಿಂಟಲ್ | ದರ ಹೋದ ವರ್ಷ, ₹ | ದರ ಈ ವರ್ಷ, ₹ | ವಹಿವಾಟಿನ ಬದಲಾವಣೆ, ಲಕ್ಷ ₹ |
|---|---:|---:|---:|---:|
| ಚಾಲಿ | −400 | 34,000 | 41,000 | +116 |
| ರಾಶಿ | −200 | 46,000 | 47,000 | −69 |
| ಇತರೆ 5 ಬಗೆ | −100 | 24,000 | 25,000 | −10 |
| ಅಡಿಕೆ ಒಟ್ಟು | −700 | | | +37 |

ಅಡಿಯಲ್ಲಿ ಒಂದೇ ಸಾಲು: "ದರ: ಕ್ವಿಂಟಲ್‌ಗೆ ಸರಾಸರಿ. ಕಾಳುಮೆಣಸು ಸೇರಿಲ್ಲ. ಪೂರ್ತಿ ವಿವರ ವರದಿಯಲ್ಲಿ", ಜೊತೆಗೆ ಪುಟದ ಸಂಖ್ಯೆ.

ಸ್ಲೈಡಿನಲ್ಲಿ ಕೂರಿಸುವುದು

ಎಕ್ಸೆಲ್‌ನಿಂದ ಕಾಪಿ ಮಾಡಿ ಅಂಟಿಸಬೇಡಿ. ಪವರ್‌ಪಾಯಿಂಟ್‌ನಲ್ಲಿ Insert, Table ಹೋಗಿ ಐದು ಕಾಲಂ, ಐದು ಸಾಲಿನ ಪಟ್ಟಿ ಮಾಡಿ ಕೈಯಿಂದ ಟೈಪ್ ಮಾಡಿ. ಇರುವುದೇ ಹದಿನಾಲ್ಕು ಅಂಕಿ.

ಇದಕ್ಕೆ ಎರಡು ಕಾರಣ. ಸಂಘದ ಹಾಳೆಗಳು ಎಷ್ಟೋ ಕಡೆ ಇನ್ನೂ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿರುತ್ತವೆ. ಅಂಟಿಸಿದಾಗ ಫಾಂಟ್ ಬದಲಾದರೆ, ಅಥವಾ ಸಭಾಭವನದ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಚಾಲಿ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, Nirmala UI ಅಥವಾ Noto Sans Kannada ಹಾಕಿದರೆ ಆ ತೊಂದರೆ ಇಲ್ಲ. ವಿಂಡೋಸ್ 8 ಮತ್ತು ಆಮೇಲಿನವುಗಳಲ್ಲಿ ಮೊದಲನೆಯದು ಇದ್ದೇ ಇರುತ್ತದೆ. ಎರಡನೇ ಕಾರಣ ಇನ್ನೂ ಗಂಭೀರ. ಅಂಟಿಸುವಾಗ Embed ಆರಿಸಿದರೆ ಕಾಣುವ ಪಟ್ಟಿಯ ಜೊತೆ ಇಡೀ ಎಕ್ಸೆಲ್ ಫೈಲ್ ಸ್ಲೈಡಿನೊಳಗೆ ಹೋಗಿ ಕೂರುತ್ತದೆ. ಪಟ್ಟಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಅದೇ ಫೈಲಿನ ಇನ್ನೊಂದು ಹಾಳೆಯಲ್ಲಿ ಸದಸ್ಯರ ಸಾಲದ ಬಾಕಿ ಇದ್ದು, ಸ್ಲೈಡ್‌ಗಳನ್ನು ವಾಟ್ಸಾಪ್ ಗುಂಪಿಗೆ ಕಳಿಸಿದರೆ ಏನಾಗುತ್ತದೆ ಎಂದು ಯೋಚಿಸಿ.

ಪಟ್ಟಿ ಹಾಕಿದ ಕೂಡಲೇ ಪವರ್‌ಪಾಯಿಂಟ್ ತಾನೇ ನೀಲಿ ಪಟ್ಟೆಗಳನ್ನು ಬಳಿಯುತ್ತದೆ. Table Design ಒಳಗೆ Banded Rows ಗುರುತು ತೆಗೆಯಿರಿ. ಸಾಲು ಬಿಟ್ಟು ಸಾಲು ಬಣ್ಣ ಇದ್ದರೆ ನಾವು ಮುಂದೆ ಹಾಕುವ ಬಣ್ಣಕ್ಕೆ ಬೆಲೆ ಇರುವುದಿಲ್ಲ. ಎಲ್ಲ ಮನೆಗಳ Shading ತೆಗೆದು ಬಿಳಿ ಮಾಡಿ. ಗೆರೆಗಳಲ್ಲಿ ತಲೆಸಾಲಿನ ಕೆಳಗೊಂದು, ಒಟ್ಟಿನ ಮೇಲೊಂದು ಬಿಟ್ಟು ಉಳಿದೆಲ್ಲ ಅಳಿಸಿ. ಅಂಕಿಗಳೆಲ್ಲ ಬಲಕ್ಕೆ ಜೋಡಿಸಿ, ಸಾವಿರದ ಕೆಳಗೆ ಸಾವಿರ ಬರಬೇಕು. ನಡುವೆ ಜೋಡಿಸಿದರೆ −69, +116 ಓರೆಯಾಗಿ ನಿಲ್ಲುತ್ತವೆ.

ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ತಲೆಸಾಲು 20 ಆದರೂ ನಡೆಯುತ್ತದೆ. ಸಾಲಿನ ಎತ್ತರ ಇಂಗ್ಲಿಷ್‌ಗಿಂತ ಸ್ವಲ್ಪ ಜಾಸ್ತಿ ಕೊಡಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ತಲೆಸಾಲಿನ ಕ್ವಿಂಟಲ್‌ನ ವ ಒತ್ತು ಗೆರೆಗೆ ತಾಗಿದರೆ ಓದಲು ಕಿರಿಕಿರಿ.

ಎದ್ದು ಕಾಣುವಂತೆ ಮಾಡುವುದು

ಬಣ್ಣ ಹಾಕುವ ಮೊದಲು ಬಣ್ಣ ತೆಗೆಯಿರಿ. ಇಡೀ ಪಟ್ಟಿಯ ಅಕ್ಷರವನ್ನು ಬೂದು ಮಾಡಿ. ತೀರಾ ತಿಳಿ ಬೂದು ಬೇಡ, ಓದಲು ಬರಬೇಕು. ಆಮೇಲೆ ಚಾಲಿ ಸಾಲನ್ನು ಮಾತ್ರ ಕಪ್ಪು ಮಾಡಿ. ಅದರಲ್ಲಿ ಎರಡು ದರ ಮತ್ತು +116 ದಪ್ಪಕ್ಷರ. ಆ ಸಾಲಿಗೆ ಹಿಂದಿನಿಂದ ಒಂದು ಬಣ್ಣ.

ಯಾವ ಬಣ್ಣ? ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುವ ತಿಳಿ ಹಳದಿ ಪ್ರೊಜೆಕ್ಟರ್‌ನಲ್ಲಿ ಬಿಳಿಯಲ್ಲಿ ಕರಗಿಹೋಗುತ್ತದೆ. ಹಗಲು ಹೊತ್ತು, ಕಿಟಕಿ ಬಾಗಿಲು ತೆರೆದ ಸಭಾಭವನದಲ್ಲಂತೂ ಕೇಳಲೇ ಬೇಡಿ. ಸ್ವಲ್ಪ ಗಟ್ಟಿಯಾದ ಕಿತ್ತಳೆ ಅಥವಾ ತಿಳಿ ನೀಲಿ ಮೇಲೆ ಕಪ್ಪು ಅಕ್ಷರ ಉಳಿದುಕೊಳ್ಳುತ್ತದೆ. ಏರಿಕೆಗೆ ಹಸಿರು, ಇಳಿಕೆಗೆ ಕೆಂಪು ಎಂಬ ರೂಢಿ ಬೇಡ. ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಹಸಿರು, ಕೆಂಪು ಬೇರೆಯಾಗಿ ಕಾಣುವುದು ಕಷ್ಟ ಎಂಬುದು ಐರೋಪ್ಯ ಮೂಲದವರಲ್ಲಿ ಕಂಡ ಲೆಕ್ಕ. ನಮ್ಮಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಸಭೆಯಲ್ಲಿ ಅಂಥವರು ಕೆಲವರಾದರೂ ಇರುತ್ತಾರೆ. ಕೂಡು, ಕಳೆ ಗುರುತುಗಳೇ ಆ ಕೆಲಸ ಮಾಡುತ್ತವೆ.

ಎರಡನೇ ಸಾಲಿಗೂ ಬಣ್ಣ ಹಾಕಿ ಎಂದು ಯಾರಾದರೂ ಹೇಳುತ್ತಾರೆ. ರಾಶಿ ಬೆಳೆಗಾರ ನಿರ್ದೇಶಕರು ಇದ್ದರೆ ಖಂಡಿತ ಹೇಳುತ್ತಾರೆ. ಹಾಕಿದರೆ ಪಟ್ಟಿ ಮತ್ತೆ ಮೊದಲಿನಂತೆ ಆಗುತ್ತದೆ. ರಾಶಿಯ ಬಗ್ಗೆ ಹೇಳಲೇಬೇಕಿದ್ದರೆ ಎಡಗಡೆಯ ಚಿಕ್ಕ ಸ್ಲೈಡಿನ ಮೇಲೆ ಕ್ಲಿಕ್ ಮಾಡಿ, Ctrl+D ಒತ್ತಿ ಇದೇ ಸ್ಲೈಡನ್ನು ಇನ್ನೊಂದು ಮಾಡಿ. ಅದರಲ್ಲಿ ಚಾಲಿ ಬೂದು, ರಾಶಿ ಕಪ್ಪು, ತಲೆಬರಹ ಬೇರೆ: "ರಾಶಿಗೆ ಸಾವಿರ ಏರಿತು, ಆದರೆ ಕಡಿಮೆ ಬಂದ ಮಾಲಿನ ನಷ್ಟ ತುಂಬಲಿಲ್ಲ". ಪಟ್ಟಿ ಜಾಗ ಬಿಟ್ಟು ಕದಲದೆ ಬಣ್ಣ ಮಾತ್ರ ಸರಿಯುವುದರಿಂದ ಜನರಿಗೆ ಹೊಸದಾಗಿ ಓದುವ ಕಷ್ಟವೂ ಇಲ್ಲ.

ಪಟ್ಟಿ ಸಿದ್ಧವಾದ ಮೇಲೆ ಪ್ರೊಜೆಕ್ಟರ್ ಹಾಕಿ ಕೊನೆಯ ಕುರ್ಚಿ ಸಾಲಿಗೆ ಹೋಗಿ ನಿಲ್ಲಿ. ಲೆಕ್ಕ ಗೊತ್ತಿಲ್ಲದ ಯಾರನ್ನಾದರೂ, ಕುರ್ಚಿ ಹಾಕುವ ಹುಡುಗನನ್ನಾದರೂ ಸರಿ, ಕರೆದು "ಇದರಲ್ಲಿ ಏನು ಹೇಳಿದೆ ತಮ್ಮಾ?" ಎಂದು ಕೇಳಿ. ಚಾಲಿ ದರ ಎಂದರೆ ಆಯಿತು. "ಅಡಿಕೆ ಲೆಕ್ಕ" ಎಂದರೆ ಬಣ್ಣ ಸಾಲದು, ಇಲ್ಲವೇ ತಲೆಬರಹ ಉದ್ದವಾಗಿದೆ.

ಬಿಟ್ಟಿದ್ದು ಮುಚ್ಚಿಟ್ಟಂತೆ ಆಗಬಾರದು

ಕನಿಷ್ಠ ದರದ ಕಾಲಂ ತೆಗೆದೆವು. ಮಳೆಗೆ ಸಿಕ್ಕಿ ಬೂಸಲು ಬಂದ ಚಾಲಿಯನ್ನು ಕಡಿಮೆಗೆ ಮಾರಿದ ಬೆಳೆಗಾರರಿಗೆ 41,000 ಸರಾಸರಿ ನೋಡಿ ಸಿಟ್ಟು ಬಂದರೆ ಅದು ನ್ಯಾಯವೇ. ಹಾಗಾಗಿ ಕೊನೆಗೆ ಒಂದು ಪರೀಕ್ಷೆ ಮಾಡಿ. ತೆಗೆದ ಪ್ರತಿ ಕಾಲಂ ಮತ್ತೆ ನೋಡಿ, ಇದನ್ನು ತೋರಿಸಿದರೆ ತಲೆಬರಹ ಸುಳ್ಳಾಗುತ್ತದೆಯೇ ಎಂದು ಕೇಳಿಕೊಳ್ಳಿ. ಕನಿಷ್ಠ ದರ ಹೋದ ವರ್ಷಕ್ಕಿಂತ ಇಳಿದಿದ್ದರೆ "ಚಾಲಿ ದರ ಕೈಹಿಡಿಯಿತು" ಎಂಬುದು ಸಂಘದ ವಹಿವಾಟಿಗೆ ನಿಜ, ಎಲ್ಲ ಬೆಳೆಗಾರರಿಗೆ ನಿಜವಲ್ಲ. ಆಗ ಆ ಒಂದು ಅಂಕಿಯನ್ನು ಅಡಿಬರಹಕ್ಕೆ ತನ್ನಿ. ಪಟ್ಟಿಗೆ ಕಾಲಂ ಸೇರಿಸುವುದು ಬೇಡ.

ತಿಂಗಳವಾರು ದರದ ಏರಿಳಿತ ತೋರಿಸಬೇಕಿದ್ದರೆ ಈ ದಾರಿ ಹಿಡಿಯಬೇಡಿ. ಹನ್ನೆರಡು ತಿಂಗಳ ಓಟಕ್ಕೆ ಗೆರೆಯ ಚಾರ್ಟ್ ಸರಿ. ಪಟ್ಟಿ ಬೇಕಾಗುವುದು ಜನ ಅಂಕಿಯನ್ನೇ ಓದಿ ತಮ್ಮ ಅಂಕಿಯೊಂದಿಗೆ ಹೋಲಿಸಿ ನೋಡುವಲ್ಲಿ.

ಕೈಯಿಂದ ಟೈಪ್ ಮಾಡಿದ ಪಟ್ಟಿಗೆ ಒಂದು ಕೊರತೆ ಇದೆ. ಆಡಿಟ್ ಮುಗಿದು ಎಕ್ಸೆಲ್‌ನಲ್ಲಿ ಅಂಕಿ ತಿದ್ದಿದರೂ ಸ್ಲೈಡ್ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಸ್ಲೈಡಿನ ಕೆಳಗಿನ Notes ಜಾಗದಲ್ಲಿ ಯಾವ ಫೈಲು, ಯಾವ ಹಾಳೆ, ಯಾವ ತಾರೀಕಿನ ಅಂಕಿ ಎಂದು ಬರೆದಿಡಿ. ಸಭೆಯ ಹಿಂದಿನ ದಿನ ವರದಿ ಪುಸ್ತಕ ಮುದ್ರಣದಿಂದ ಬಂದ ಮೇಲೆ ಹದಿನಾಲ್ಕು ಅಂಕಿಗಳನ್ನೂ ಇಬ್ಬರು ಕೂತು ತಾಳೆ ನೋಡಿ. ಒಬ್ಬರು ಪುಸ್ತಕದಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆ ನೋಡಲಿ.